ವಿದ್ಯುತ್ ಪಾಠ ಕನ್ನಡದ ಪುಟಕ್ಕೆ ಬಂದ ಬಗೆ

ಪ್ರೌಢಶಾಲೆಯ ವಿದ್ಯುತ್ ಪಾಠದಲ್ಲಿ ಲೆಕ್ಕ ಬಿಡಿಸುವಾಗ ಹೀಗೊಂದು ಸಾಲು ಬಂದೇ ಬರುತ್ತದೆ: V = 12 V. ಎಡಗಡೆಯ V ವಿಭವಾಂತರ ಎಂಬ ಪರಿಮಾಣ, ಬಲಗಡೆಯದು ವೋಲ್ಟ್ ಎಂಬ ಏಕಮಾನ. ಪರಿಮಾಣದ ಸಂಕೇತವನ್ನು ಓರೆ ಅಕ್ಷರದಲ್ಲಿ, ಏಕಮಾನದ ಸಂಕೇತವನ್ನು ನೆಟ್ಟಗಿನ ಅಕ್ಷರದಲ್ಲಿ ಅಚ್ಚುಹಾಕಬೇಕೆಂಬುದು ಜಗತ್ತಿನ ವಿಜ್ಞಾನ ಪುಸ್ತಕಗಳೆಲ್ಲ ಒಪ್ಪಿದ ಕಟ್ಟಳೆ. ಇಂಗ್ಲಿಷ್ ಪುಸ್ತಕ ಓದುವ ಮಗುವಿಗೆ ಆ ಓರೆಯೇ ಸುಳಿವು. ಕನ್ನಡ ಪುಟದಲ್ಲಿ ಆ ಸುಳಿವು ಸಾಮಾನ್ಯವಾಗಿ ಉಳಿಯುವುದಿಲ್ಲ. ಸುತ್ತಲೂ ಕನ್ನಡ ಅಕ್ಷರಗಳಿರುವಾಗ ನಡುವೆ ಬಂದ ಎರಡು ರೋಮನ್ ಅಕ್ಷರಗಳು ಓರೆಯೋ ನೆಟ್ಟಗೋ ಎಂದು ಯಾರೂ ನೋಡುವುದಿಲ್ಲ. ಮಗು ಅದನ್ನು ‘ವಿ ಸಮ ಹನ್ನೆರಡು ವಿ’ ಎಂದು ಓದಿ ಮುಂದೆ ಹೋಗುತ್ತದೆ. ಒಂದು ಅಕ್ಷರ ತನಗೆ ತಾನೇ ಹನ್ನೆರಡು ಪಟ್ಟು ಹೇಗಾಯಿತು ಎಂಬ ಪ್ರಶ್ನೆ ಕೆಲವರ ತಲೆಯಲ್ಲಿ ಉಳಿದುಬಿಡುತ್ತದೆ.

ಪೂರಕ ಓದಿಗಾಗಿ ಇಂಥದೊಂದು ಅಧ್ಯಾಯವನ್ನು ಕನ್ನಡಕ್ಕೆ ತರಲು ಕೆಲವು ಪ್ರೌಢಶಾಲಾ ಶಿಕ್ಷಕರು, ಒಬ್ಬ ಚಿತ್ರ ಕಲಾವಿದರು ಮತ್ತು ಡಿಟಿಪಿ ಮಾಡುವವರೊಬ್ಬರ ಜೊತೆ ನಾನೂ ಕುಳಿತಿದ್ದೆ. ವಾಕ್ಯಗಳನ್ನು ಕನ್ನಡಿಸುವುದು ಬೇಗ ಆಯಿತು. ಹೆಚ್ಚು ಹೊತ್ತು ಹಿಡಿದದ್ದು ಏಕಮಾನ, ಸೂತ್ರ ಮತ್ತು ಚಿತ್ರಗಳು.

ಕನ್ನಡದಲ್ಲಿ ವಿಜ್ಞಾನ ಬರೆಯುವ ಯತ್ನ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲೇ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರತಂದಿದ್ದರು. ಶಾಲೆಯ ಪುಸ್ತಕಗಳ ಮಟ್ಟಿಗೆ ಇಂದಿಗೂ ಲೆಕ್ಕಕ್ಕೆ ಬರುವ ತೀರ್ಮಾನಗಳು ಆಮೇಲಿನವು. ಕೇಂದ್ರ ಸರ್ಕಾರ 1961ರಲ್ಲಿ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗವನ್ನು ನೇಮಿಸಿತು. ಏಕಮಾನಗಳ ಹೆಸರನ್ನು ಅನುವಾದಿಸದೆ ಆಯಾ ಭಾಷೆಯ ಲಿಪಿಯಲ್ಲೇ ಬರೆದುಕೊಳ್ಳಬೇಕು, ಸಂಕೇತಗಳು ಮಾತ್ರ ರೋಮನ್ ಲಿಪಿಯಲ್ಲೇ ಇರಬೇಕು ಎಂಬುದು ಅದರ ಸೂತ್ರ. ಅದರಲ್ಲೊಂದು ವಿನಾಯಿತಿಯೂ ಇದೆ. ಮಕ್ಕಳ ಪುಸ್ತಕ ಮತ್ತು ಜನಪ್ರಿಯ ಬರಹಗಳಲ್ಲಿ ತೂಕ, ಅಳತೆಗಳ ಹ್ರಸ್ವರೂಪವನ್ನು ದೇಶೀ ಲಿಪಿಯಲ್ಲಿ ಬರೆಯಬಹುದು. ನಮ್ಮ ಸೆಂ.ಮೀ., ಕಿ.ಮೀ., ಕಿ.ಗ್ರಾಂ.ಗಳು ಈ ಬಗೆಯವು. ಜ್ಯಾಮಿತಿಯ ಆಕೃತಿಗಳ ಬಿಂದುಗಳಿಗೂ ದೇಶೀ ಅಕ್ಷರ ಬಳಸಬಹುದೆಂದು ಆಯೋಗ ಹೇಳುತ್ತದೆ. ತ್ರಿಕೋನಮಿತಿಯ ಸಂಬಂಧಗಳಲ್ಲಿ ಮಾತ್ರ ರೋಮನ್ ಇಲ್ಲವೇ ಗ್ರೀಕ್ ಅಕ್ಷರಗಳೇ ಇರಬೇಕು.

ಹಾಗಾದರೆ ಪ್ರೌಢಶಾಲೆಯ ವಿದ್ಯುತ್ ಪಾಠ ಮಕ್ಕಳ ಪುಸ್ತಕವೋ, ವಿಜ್ಞಾನದ ಪುಸ್ತಕವೋ? ಕಿರಿಯ ತರಗತಿಗಳಲ್ಲಿ ಸೆಂ.ಮೀ. ಬರೆದು ಬಂದ ಮಕ್ಕಳಿಗೆ ಇಲ್ಲೂ ಅದೇ ದಾರಿ ಹಿಡಿದರೆ ಸಲೀಸು ಎಂದು ನಮ್ಮಲ್ಲಿ ಕೆಲವರು ವಾದಿಸಿದರು. ವಾದದಲ್ಲಿ ಹುರುಳಿತ್ತು. ಆದ್ದರಿಂದ ಇಡೀ ಪಾಠದ ಏಕಮಾನಗಳನ್ನು ಕನ್ನಡ ಹ್ರಸ್ವರೂಪದಲ್ಲಿ ಬರೆದು ನೋಡಿದೆವು. ವೋಲ್ಟಿನ V ಮತ್ತು ವ್ಯಾಟಿನ W ರೋಮನ್ ಲಿಪಿಯಲ್ಲಿ ಬೇರೆ ಬೇರೆ. ಕನ್ನಡದಲ್ಲಿ ಎರಡಕ್ಕೂ ಇರುವುದು ಒಂದೇ ವಕಾರ. ‘ವೋ.’ ಮತ್ತು ‘ವ್ಯಾ.’ ಒಂದೇ ಲೆಕ್ಕದಲ್ಲಿ ಅಕ್ಕಪಕ್ಕ ಬಂದಾಗ ಕಣ್ಣು ತಡವರಿಸುತ್ತದೆ. ಕೂಲಂಬ್, ಕೆಲ್ವಿನ್, ಕಿಲೋ ಮೂರೂ ಕಕಾರಕ್ಕೆ ಬಂದು ಬೀಳುತ್ತವೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು. ರೋಮನ್ ಲಿಪಿಯ ದೊಡ್ಡಕ್ಷರ, ಚಿಕ್ಕಕ್ಷರಗಳ ವ್ಯತ್ಯಾಸ ಕನ್ನಡಕ್ಕಿಲ್ಲ, ಆದರೆ ಏಕಮಾನ ಪದ್ಧತಿ ಅದರ ಮೇಲೆಯೇ ನಿಂತಿದೆ. mW ಎಂದರೆ ಮಿಲಿವ್ಯಾಟ್, MW ಎಂದರೆ ಮೆಗಾವ್ಯಾಟ್. ಒಂದಕ್ಕಿಂತ ಇನ್ನೊಂದು 100 ಕೋಟಿ ಪಟ್ಟು ಹೆಚ್ಚು. ‘ಮಿ.’ ಮತ್ತು ‘ಮೆ.’ ಎಂದು ಬರೆದರೆ ಆ ಅಂತರವನ್ನು ಕಾಯಲು ಗುಡಿಸು, ಎತ್ವಗಳಷ್ಟೇ ಉಳಿಯುತ್ತವೆ, ಅಗ್ಗದ ಅಚ್ಚಿನಲ್ಲಿ ಮೊದಲು ಮಾಸಿಹೋಗುವುದೂ ಅವೇ.

ಕೊನೆಗೆ ಒಪ್ಪಿದ್ದು ಹೀಗೆ: ವಾಕ್ಯದೊಳಗೆ ಏಕಮಾನದ ಪೂರ್ಣ ಹೆಸರು ಕನ್ನಡ ಲಿಪಿಯಲ್ಲಿ, ಲೆಕ್ಕ ಮತ್ತು ಸೂತ್ರಗಳಲ್ಲಿ ಸಂಕೇತ ರೋಮನ್ ಲಿಪಿಯಲ್ಲಿ, ಕನ್ನಡ ಹ್ರಸ್ವರೂಪ ಎಲ್ಲಿಯೂ ಇಲ್ಲ. ‘ತಂತಿಯ ತುದಿಗಳ ನಡುವಿನ ವಿಭವಾಂತರ 12 ವೋಲ್ಟ್’ ಎಂದು ಮೊದಲು ಮಾತಿನಲ್ಲಿ ಹೇಳಿ, ಆಮೇಲೆ V = 12 V ಎಂದು ಬರೆದರೆ ಓರೆ ಅಕ್ಷರ ಮಾಡಬೇಕಿದ್ದ ಕೆಲಸವನ್ನು ವಾಕ್ಯವೇ ಮಾಡುತ್ತದೆ. ಪದವಿಪೂರ್ವ ತರಗತಿಯಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಬೇಕಾಗುವ ಕನ್ನಡ ಮಾಧ್ಯಮದ ಮಗುವಿಗೆ ಸೂತ್ರಗಳಾದರೂ ಪರಿಚಿತವಾಗಿರಬೇಕು ಎಂಬುದೂ ನಮ್ಮ ಮನಸ್ಸಿನಲ್ಲಿತ್ತು.

ಹೆಸರುಗಳ ಕಾಗುಣಿತಕ್ಕೂ ಒಂದು ಪಟ್ಟಿ ಬೇಕಾಯಿತು. ಆಂಪೇರ್ ಎಂದೂ ಆಂಪಿಯರ್ ಎಂದೂ, ವಾಟ್ ಎಂದೂ ವ್ಯಾಟ್ ಎಂದೂ ಬರೆಯುವವರಿದ್ದಾರೆ. ಯಾವುದನ್ನು ಆರಿಸಿಕೊಂಡರೂ ಸರಿಯೇ, ಅಧ್ಯಾಯದುದ್ದಕ್ಕೂ ಅದೊಂದೇ ಇರಬೇಕು. ಈ ಹೆಸರುಗಳಿಗೆ ವಿಭಕ್ತಿ ಹಚ್ಚುವಾಗ ನನ್ನ ಒಲವು ಜನರ ನಾಲಗೆಯ ಕಡೆಗಿತ್ತು. ‘ವೋಲ್ಟ್‌ಗೆ’, ‘ಸೆಕೆಂಡ್‌ಗೆ’ ಎಂದು ಬರೆದರೆ ಕೆಲವು ತಂತ್ರಾಂಶಗಳಲ್ಲಿ ಗಕಾರ ಒತ್ತಕ್ಷರವಾಗಿ ಕೆಳಗಿಳಿದು ಪದವೇ ಗುರುತು ಸಿಗದಂತಾಗುತ್ತದೆ. ‘ವೋಲ್ಟಿಗೆ’, ‘ಸೆಕೆಂಡಿಗೆ’, ‘ಆಂಪೇರಿನ’ ಎಂದು ಬರೆದರೆ ಆ ತೊಂದರೆಯೂ ಇಲ್ಲ, ಓದುವಾಗ ಎಡವುವುದೂ ಇಲ್ಲ.

ಪರಿಮಾಣಗಳ ಹೆಸರು ಮಾತ್ರ ಅನುವಾದವಾಗಲೇಬೇಕು, ಮಗು ಯೋಚಿಸುವುದು ಅವುಗಳಲ್ಲೇ. ಇಲ್ಲಿ ಕನ್ನಡ ಚೆನ್ನಾಗಿ ಒದಗಿಬಂತು. ರೋಧ ಎಂಬುದು ಗುಣ, ರೋಧಕ ಎಂಬುದು ಆ ಗುಣಕ್ಕಾಗಿ ಮಂಡಲದಲ್ಲಿ ಕೂರಿಸಿದ ವಸ್ತು, ರೋಧಶೀಲತೆ ಆ ವಸ್ತು ಯಾವುದರಿಂದ ಆಗಿದೆಯೋ ಅದರ ಸ್ವಭಾವ. ಅಷ್ಟೇ ದಪ್ಪದ ತಂತಿಯನ್ನು ಎರಡು ಪಟ್ಟು ಉದ್ದ ತೆಗೆದುಕೊಂಡರೆ ರೋಧ ಎರಡು ಪಟ್ಟಾಗುತ್ತದೆ, ರೋಧಶೀಲತೆ ಬದಲಾಗುವುದಿಲ್ಲ. ಒಂದೇ ಧಾತುವಿನಿಂದ ಬಂದ ಮೂರು ಪದಗಳು ಈ ಮೂರನ್ನೂ ಬೇರೆ ಬೇರೆಯಾಗಿ ಹಿಡಿದುಕೊಡುತ್ತವೆ. ಶಕ್ತಿಯ ವಿಷಯ ಅಷ್ಟು ಸುಲಭವಲ್ಲ. ಕನ್ನಡ ಪಠ್ಯದಲ್ಲಿ ಜೌಲ್‌ಗಳಲ್ಲಿ ಅಳೆಯುವುದು ಶಕ್ತಿ, ವ್ಯಾಟ್‌ಗಳಲ್ಲಿ ಅಳೆಯುವುದು ಸಾಮರ್ಥ್ಯ. ಹಿಂದಿ ಪಠ್ಯದಲ್ಲಿ ಜೌಲ್‌ಗಳಲ್ಲಿ ಅಳೆಯುವುದು ಊರ್ಜಾ, ವ್ಯಾಟ್‌ಗಳಲ್ಲಿ ಅಳೆಯುವುದು ಶಕ್ತಿ. ಹಿಂದಿಯ ಪದಪಟ್ಟಿಯನ್ನು ಮುಂದಿಟ್ಟುಕೊಂಡು ಕನ್ನಡ ಮಾಡುವವರು ಇಲ್ಲಿ ಎಚ್ಚರ ತಪ್ಪಿದರೆ ಒಂದು ಪುಟದ ಶಕ್ತಿ ಮುಂದಿನ ಪುಟದಲ್ಲಿ ಸಾಮರ್ಥ್ಯವಾಗಿಬಿಡುತ್ತದೆ. ಪದದ ಪಕ್ಕದಲ್ಲಿರುವ ಏಕಮಾನವನ್ನು ನೋಡಿದರೆ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ. ಶಕ್ತಿಯ ಪಕ್ಕ W ಕಂಡರೆ ಅಲ್ಲಿ ಏನೋ ಕೆಟ್ಟಿದೆ.

ಈ ಗೊಂದಲ ಮನೆಯವರೆಗೂ ಬರುತ್ತದೆ. ಕರೆಂಟ್ ಬಿಲ್ಲಿನ ‘ಯೂನಿಟ್’ ಎಂದರೆ ಒಂದು ಕಿಲೋವ್ಯಾಟ್-ಗಂಟೆ. ಅದನ್ನು ‘ಗಂಟೆಗೆ ಒಂದು ಕಿಲೋವ್ಯಾಟ್’ ಎಂದು ಬರೆದದ್ದನ್ನು ಪತ್ರಿಕೆಗಳಲ್ಲೂ ನೋಡಿದ್ದೇನೆ. ‘ಗಂಟೆಗೆ’ ಎಂದ ಕೂಡಲೇ ಅದು ಭಾಗಾಕಾರವಾಗುತ್ತದೆ, ಇರುವುದು ಗುಣಾಕಾರ. 1000 ವ್ಯಾಟಿನ ಹೀಟರನ್ನು ಒಂದು ಗಂಟೆ, ಎಂದರೆ 3600 ಸೆಕೆಂಡ್ ಉರಿಸಿದರೆ ಖರ್ಚಾಗುವ ಶಕ್ತಿ 1000 × 3600 = 36,00,000 ಜೌಲ್. ಬಿಲ್ಲಿನಲ್ಲಿ ಅದೇ ಒಂದು ಯೂನಿಟ್. ಅದೇ ಹೀಟರನ್ನು ಅರ್ಧ ಗಂಟೆ ಉರಿಸಿದರೆ ಅರ್ಧ ಯೂನಿಟ್, ಸಾಮರ್ಥ್ಯ ಮಾತ್ರ ಆಗಲೂ 1000 ವ್ಯಾಟೇ. ಈ ಲೆಕ್ಕವನ್ನು ಪಾಠದೊಳಗೇ ಬಿಡಿಸಿ ತೋರಿಸಿದೆವು, ಕಿಲೋವ್ಯಾಟ್ ಮತ್ತು ಗಂಟೆಯ ನಡುವಿನ ಅಡ್ಡಗೆರೆಯನ್ನು ಬಿಡಲಿಲ್ಲ.

ಹಸ್ತಪ್ರತಿ ಡಿಟಿಪಿಗೆ ಹೋದ ಮೇಲೆ ಬೇರೆಯೇ ಬಗೆಯ ತೊಂದರೆ. ಹಳೆಯ ನುಡಿ ಫಾಂಟ್‌ಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲೇ ಕನ್ನಡ ಅಕ್ಷರದ ತುಣುಕುಗಳು ಕುಳಿತಿರುತ್ತವೆ. ‘ಕ’ ಎಂಬ ಅಕ್ಷರ ಕಡತದೊಳಗೆ PÀ ಎಂದಿರುತ್ತದೆ. ಆದ್ದರಿಂದ P = VI ಎಂಬ ಸೂತ್ರಕ್ಕೆ ಬೇರೆ ಫಾಂಟ್ ಹಾಕುವುದು ಮರೆತರೆ, ಇಲ್ಲವೇ ಇಡೀ ಪುಟಕ್ಕೆ ಒಮ್ಮೆಲೇ ಫಾಂಟ್ ಬದಲಿಸಿದರೆ, P ಇದ್ದಲ್ಲಿ ತಲೆಕಟ್ಟಿಲ್ಲದ ಕಕಾರದ ತುಣುಕು ಬಂದು ಕೂರುತ್ತದೆ. ಹಾಗಾದದ್ದು ಕಣ್ಣಿಗೆ ಕಾಣುತ್ತದೆ, ತಿದ್ದಬಹುದು. ಗ್ರೀಕ್ ಅಕ್ಷರಗಳದ್ದು ಕಳ್ಳ ತಪ್ಪು. ಓಮಿನ Ω ಚಿಹ್ನೆ ಕೆಲವೊಮ್ಮೆ W ಆಗಿ ಬದಲಾಗುತ್ತದೆ, ಏಕೆಂದರೆ ಹಿಂದಿನ ಸಿಂಬಲ್ ಫಾಂಟಿನಲ್ಲಿ Ω ಇರುವುದು W ಕೀಲಿಯ ಮೇಲೆ. ಆಗ 5 Ω ಎಂಬುದು 5 W ಆಗುತ್ತದೆ, ನೋಡಲು ಎಲ್ಲವೂ ಸರಿಯಾಗಿಯೇ ಇರುತ್ತದೆ. ಕರಡು ತಿದ್ದುವವರು ಪುಟದ ಪ್ರತಿ W ಹತ್ತಿರ ನಿಂತು, ಇದು ಸಾಮರ್ಥ್ಯವೇ ಎಂದು ಕೇಳಿಕೊಳ್ಳುವುದೊಂದೇ ಉಪಾಯ.

ಚಿತ್ರಗಳಲ್ಲಿ ವೃತ್ತದೊಳಗಿನ A, V ಅಕ್ಷರಗಳನ್ನು ಹಾಗೇ ಉಳಿಸಿಕೊಂಡೆವು, ಪ್ರಯೋಗಶಾಲೆಯ ಅಮ್ಮೀಟರ್ ಮತ್ತು ವೋಲ್ಟ್‌ಮೀಟರಿನ ಮುಖದ ಮೇಲೆ ಇರುವುದೂ ಅವೇ. ಆದರೆ ತಂತಿಯ ತುದಿಗಳಿಗೂ A, B ಎಂದು ಹೆಸರಿಟ್ಟರೆ ಒಂದೇ ಚಿತ್ರದಲ್ಲಿ ಎರಡು A ಆಗುತ್ತವೆ. ಆಯೋಗ ಜ್ಯಾಮಿತಿಗೆ ಕೊಟ್ಟ ಅವಕಾಶವನ್ನು ನಾವು ಇಲ್ಲಿಗೂ ತಂದುಕೊಂಡೆವು: ತುದಿಗಳು ಕ ಮತ್ತು ಖ ಆದವು.

ಕನ್ನಡದ ಹೆಸರುಗಳು ಉದ್ದ, ಒತ್ತಕ್ಷರಗಳು ಕೆಳಗಿನ ಗೆರೆಗೆ ತಾಗುತ್ತವೆ. ಜಾಗ ಮಾಡಿಕೊಳ್ಳಲು ಕಲಾವಿದರು ಒಂದು ವಿದ್ಯುನ್ಮಂಡಲವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದರು. ಕೋಶದ ಉದ್ದ ಗೆರೆ ಧನಾಗ್ರ, ಗಿಡ್ಡ ಗೆರೆ ಋಣಾಗ್ರ. ಚಿತ್ರದ ಜೊತೆ ಅವೂ ತಿರುಗಿದವು, ಆಮೇಲೆ ಬೇರೆಯಾಗಿ ಅಂಟಿಸಿದ ಪ್ರವಾಹದ ಬಾಣ ಮಾತ್ರ ಹಳೆಯ ದಿಕ್ಕಿನಲ್ಲೇ ಉಳಿಯಿತು. ಇದನ್ನು ಪತ್ತೆಹಚ್ಚಲು ಬೆರಳೊಂದೇ ಸಾಕು. ಉದ್ದ ಗೆರೆಯಿಂದ ಹೊರಟು ಮಂಡಲವನ್ನು ಸುತ್ತಿ ಗಿಡ್ಡ ಗೆರೆಗೆ ಬನ್ನಿ. ದಾರಿಯ ಬಾಣಗಳೆಲ್ಲ ಬೆರಳಿನ ಜೊತೆಗೇ ಸಾಗಬೇಕು, ಬೆರಳು ಅಮ್ಮೀಟರನ್ನು ಹೊಗುವುದು ಅದರ + ತುದಿಯಿಂದಲೇ ಆಗಬೇಕು. ಎಲೆಕ್ಟ್ರಾನುಗಳ ಬಾಣವೊಂದೇ ಎದುರು ದಿಕ್ಕಿಗಿರಬೇಕು. ನಕ್ಷೆಯಲ್ಲೂ ಇಂಥದೇ ಅಪಾಯವಿದೆ. ನೇರ ಅಕ್ಷದಲ್ಲಿ V, ಅಡ್ಡ ಅಕ್ಷದಲ್ಲಿ I ಇದ್ದರೆ ರೇಖೆಯ ಇಳಿಜಾರು ರೋಧವನ್ನು ಕೊಡುತ್ತದೆ. 12 ವೋಲ್ಟಿಗೆ 3 ಆಂಪೇರ್ ಹರಿದರೆ ಅದು 4 Ω. ಕನ್ನಡದ ಉದ್ದ ಹೆಸರಿಗೆ ಜಾಗ ಸಿಗಲೆಂದು ಅಕ್ಷಗಳನ್ನು ಅದಲುಬದಲು ಮಾಡಿದರೆ ಇಳಿಜಾರು 0.25 ಆಗುತ್ತದೆ, ಪಕ್ಕದ ವಿವರಣೆ ಸುಳ್ಳಾಗುತ್ತದೆ.

ಒಂದು ಅಧ್ಯಾಯದ ಮಟ್ಟಿಗೆ ಇದೆಲ್ಲ ಒಂದೇ ಹಾಳೆಯ ಪಟ್ಟಿಯಾಗಿ ನಿಂತಿತು: ಎಡಕ್ಕೆ ಕನ್ನಡ ಪದ, ನಡುವೆ ಸಂಕೇತ, ಬಲಕ್ಕೆ ಏಕಮಾನ. ಪಠ್ಯ ಬರೆಯುವವರು, ಗೈಡ್ ಅಚ್ಚುಹಾಕುವವರು, ಪ್ರಶ್ನೆಪತ್ರಿಕೆ ತಯಾರಿಸುವವರು ಒಂದೇ ಪಟ್ಟಿಯನ್ನು ಬಳಸಲಿ. ಪಾಠದಲ್ಲಿ ‘ಸಾಮರ್ಥ್ಯ’ ಎಂದು ಕಲಿತ ಮಗು ಪರೀಕ್ಷೆಯಲ್ಲಿ ಬೇರೊಂದು ಪದ ಕಂಡು ಅಂಕ ಕಳೆದುಕೊಳ್ಳಬಾರದು. ಶಿಕ್ಷಕರೂ ಆ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ತರಗತಿಯ ಗೋಡೆಗೆ ಹಚ್ಚಲಿ.