ಪಕ್ಕೆ ಎಣಿಸಿ ನೋಡಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಕೋಲಾರದ ಕಡೆಯ ತಗಡಿನ ಕೊಟ್ಟಿಗೆಯೊಳಗೆ ನಿಂತು ಕೈ ಮೇಲೆತ್ತಿ. ತಗಡು ಮುಟ್ಟುವ ಮೊದಲೇ ಅಂಗೈಗೆ ಝಳ ಹೊಡೆಯುತ್ತದೆ. ಎಚ್‌ಎಫ್ ಮಿಶ್ರತಳಿ ಹಸುವಿನ ಬೆನ್ನ ಮೇಲೂ ಅದೇ ಝಳ. ಅದರ ಪಕ್ಕೆ ಏರಿಳಿಯುವುದನ್ನು ಗಡಿಯಾರ ಹಿಡಿದು ಎಣಿಸಿ. ನಿಮಿಷಕ್ಕೆ 60 ದಾಟಿದರೆ ಸೆಕೆ ತಟ್ಟಿದೆ ಎಂದೇ ಲೆಕ್ಕ.

ಮೊದಲು ಸೂರು. ತಗಡನ್ನು ತೊಳೆದು, ಅಂಟು ಬೆರೆಸಿದ ಸುಣ್ಣವನ್ನು ಎರಡು ಕೈ ಬಳಿದರೆ ಬಿಸಿಲಿನ ಹೆಚ್ಚು ಪಾಲು ಹಿಂದಕ್ಕೇ ಹೋಗುತ್ತದೆ. ಧೂಳು ಕೂತರೆ, ಮಳೆಗೆ ತೊಳೆದುಹೋದರೆ ಆ ಗುಣವೂ ಹೋಯಿತು, ಬೇಸಿಗೆಗೊಮ್ಮೆ ಬಳಿಯಲೇಬೇಕು. ತೆಂಗಿನ ಗರಿ ಹೊದಿಸಿದರೂ ಚೆನ್ನಾಗಿಯೇ ತಡೆಯುತ್ತದೆ, ಬೆಂಕಿಯ ಭಯವೊಂದು ಬಿಟ್ಟರೆ.

ಜನ ಎಡವುವುದು ನೀರಿನಲ್ಲಿ. ಮಂಜಿನಂಥ ಹನಿ ಕೂದಲ ತುದಿಯಲ್ಲೇ ಕೂರುತ್ತದೆ, ಚರ್ಮಕ್ಕೆ ಇಳಿಯುವುದಿಲ್ಲ. ಗಾಳಿಯಾಡದ ಕೊಟ್ಟಿಗೆಯಾದರೆ ತೇವ ಕಟ್ಟಿಕೊಂಡು ಸೆಕೆ ಇನ್ನೂ ಜಾಸ್ತಿ. ನಮ್ಮ ಚಿಕ್ಕಪ್ಪ ಒಂದು ವರ್ಷ ಹೀಗೇ ಮಾಡಿ, ಹಸು ಬಾಯಿ ತೆರೆದು ಏದುಸಿರು ಬಿಟ್ಟಾಗ ಎಚ್ಚೆತ್ತರು. ದಪ್ಪ ಹನಿಯಲ್ಲಿ ಒಂದೆರಡು ನಿಮಿಷ ಬೆನ್ನು ನೆನೆಸಿ, ನೀರು ನಿಲ್ಲಿಸಿ, 10–15 ನಿಮಿಷ ಫ್ಯಾನ್ ಓಡಿಸಬೇಕು, ಮತ್ತೆ ನೆನೆಸಬೇಕು. ನೀರು ಆರುವಾಗಲೇ ಮೈಯ ಬಿಸಿ ಎಳೆದುಕೊಂಡು ಹೋಗುವುದು. ಕೆಚ್ಚಲಿನವರೆಗೆ ನೀರು ಹರಿದರೆ ಹೆಚ್ಚಾಯಿತು. ಕೆಚ್ಚಲು ಬಾವಿಗೆ ಅದೇ ದಾರಿ. ಕರೆಂಟು ಹೋದರೆ ನೀರನ್ನೂ ನಿಲ್ಲಿಸಿ, ಹಸುವನ್ನು ಹೊಂಗೆ ಮರದ ನೆರಳಿಗೆ ಕಟ್ಟಿ, ಪಕ್ಕೆ ಮತ್ತೆ ಎಣಿಸಿ.