ಮನೆ ಹಾನಿ ಪಟ್ಟಿ: ವರದಿಗೆ ಮುನ್ನ ಪರಿಶೀಲನೆ

ಎಂ.ಕೆ. ಹುಬ್ಬಳ್ಳಿಯನ್ನು ದಾಟಿ ಸಾಗುವ ಮಲಪ್ರಭೆಯು 2019ರ ಆಗಸ್ಟ್‌ನಲ್ಲಿ ಉಕ್ಕಿ ಹರಿದಾಗ ಸವದತ್ತಿ, ರಾಮದುರ್ಗ ತಾಲ್ಲೂಕುಗಳ ನದಿತೀರದಲ್ಲಿ ಮನೆಗಳು ಕುಸಿದವು. ಹಾನಿಯನ್ನು ಎ, ಬಿ, ಸಿ ಎಂದು ವರ್ಗೀಕರಿಸಿ ಪರಿಹಾರ ನೀಡಲಾಯಿತು. ಇಂತಹ ಪಟ್ಟಿಯಲ್ಲಿ ಒಂದು ಸಾಲು ತಪ್ಪಿದರೆ ಒಂದು ಕುಟುಂಬವೇ ಪರಿಹಾರದಿಂದ ವಂಚಿತವಾಗುತ್ತದೆ.

ಉದಾಹರಣೆಗೆ, ಪಟ್ಟಿಯಲ್ಲಿ 120 ಸಾಲುಗಳಿವೆ ಎಂದುಕೊಳ್ಳೋಣ. ಮೊದಲು ಅದನ್ನು ಹೆಸರಿನ ಬದಲು ಆಸ್ತಿ ಸಂಖ್ಯೆಯ ಕ್ರಮದಲ್ಲಿ ಜೋಡಿಸಬೇಕು. ಐದು ಮನೆಗಳು ಪತಿಯ ಹೆಸರಿನಲ್ಲೊಮ್ಮೆ, ಪತ್ನಿಯ ಹೆಸರಿನಲ್ಲೊಮ್ಮೆ ದಾಖಲಾಗಿದ್ದರೆ ಉಳಿಯುವುದು 115. ಆದರೆ ಪಾಲಾದ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆಯಾಗಿ ವಾಸಿಸುತ್ತಿರಬಹುದು. ಆದ್ದರಿಂದ ಸ್ಥಳ ಪರಿಶೀಲನೆಯಿಲ್ಲದೆ ಯಾವ ಸಾಲನ್ನೂ ಅಳಿಸಬಾರದು.

ಬಳಿಕ ಖಾಲಿ ಕಲಂಗಳನ್ನು ನೋಡಬೇಕು. ಮೂರು ಸಾಲುಗಳಲ್ಲಿ ಹಾನಿಯ ವರ್ಗವೇ ಇಲ್ಲದಿದ್ದರೆ ಅಂದಾಜಿನಿಂದ ‘ಸಿ’ ಎಂದು ತುಂಬದೆ, ‘ಬಾಕಿ’ ಎಂದು ಗುರುತಿಸಿ ಮರುಸಮೀಕ್ಷೆಗೆ ಕಳುಹಿಸಬೇಕು. ಆಗ ವರದಿಗೆ ಸಿದ್ಧವಾದವು 112, ಬಾಕಿ 3.

ವರದಿ ಹೋದ ಮೇಲೆ ನಾಲ್ಕು ಅರ್ಜಿಗಳು ಬಂದರೆ ಹಳೆಯ ಅಂಕಿಯನ್ನು ತಿದ್ದಬಾರದು. ಹಾನಿಯಾದ ದಿನ, ಅರ್ಜಿ ಸ್ವೀಕರಿಸಿದ ದಿನ ಎರಡನ್ನೂ ನಮೂದಿಸಿ ಪೂರಕ ಪಟ್ಟಿಯಲ್ಲಿ ಸಲ್ಲಿಸಬೇಕು. 112, 3 ಮತ್ತು 4 ಸೇರಿ ಒಟ್ಟು 119. ಈ ಲೆಕ್ಕವು ಸಭೆಯ ನಡಾವಳಿಯಲ್ಲಿದ್ದರೆ, ಅಂಕಿ ಏಕೆ ಬದಲಾಯಿತೆಂಬುದಕ್ಕೆ ಸದಸ್ಯರು ಗ್ರಾಮಸ್ಥರಿಗೆ ಉತ್ತರಿಸಬಲ್ಲರು.