ಕ್ಯಾಮೆರಾದ ಕಣ್ಣಿಗೆ ಕಣ್ಣು ಕೊಟ್ಟು

ಇಳಕಲ್ಲಿನ ಸೀರೆ ಅಂಗಡಿಯ ಮಾಲೀಕರೊಬ್ಬರು ಗಾದಿಯ ಮೇಲೆ ಕೂತು "ಬರ್ರಿ ಅಕ್ಕಾರ, ಇದರ ಸೆರಗು ನೋಡ್ರಿ" ಎಂದು ಶುರು ಮಾಡಿದರೆ ಗಂಟೆಗಟ್ಟಲೆ ಮಾತಾಡಬಲ್ಲರು ಎನ್ನಿ. ಅದೇ ಸೀರೆಯ ಬಗ್ಗೆ ಮೊಬೈಲ್ ಮುಂದೆ ಒಂದು ನಿಮಿಷ ಮಾತಾಡಿ ಎಂದರೆ ಅವರ ಗಂಟಲು ಒಣಗುತ್ತದೆ. ಮಾತು ಬಾರದೆ ಹೀಗಾಗುವುದಲ್ಲ. ಅಂಗಡಿಯಲ್ಲಿ ಗಿರಾಕಿಯ ಹುಬ್ಬು ಏರಿದರೆ ದರದ ಮಾತು ಬರುತ್ತದೆ, ಕೈ ಬಟ್ಟೆ ಮುಟ್ಟಿದರೆ ನೂಲಿನ ಮಾತು ಬರುತ್ತದೆ. ಮೊಬೈಲ್ ಹುಬ್ಬೂ ಏರಿಸುವುದಿಲ್ಲ, ತಲೆಯೂ ಆಡಿಸುವುದಿಲ್ಲ. ಆಗ ಕಣ್ಣು ತಾನಾಗಿಯೇ ಪರದೆಯಲ್ಲಿ ಕಾಣುವ ಒಂದೇ ಮುಖದ ಕಡೆ, ಅಂದರೆ ತನ್ನದೇ ಮುಖದ ಕಡೆ ಓಡುತ್ತದೆ. ಕೂದಲು ಸರಿಯಿದೆಯೇ, ಬಾಯಿ ಯಾಕೆ ಹಾಗೆ ತಿರುಗುತ್ತಿದೆ ಎಂಬ ಲೆಕ್ಕ ಶುರುವಾದ ಮೇಲೆ ಸೀರೆಯ ಮಾತು ತಪ್ಪುತ್ತದೆ.

ಆದ್ದರಿಂದ ಮೊದಲು ಸರಿಪಡಿಸಬೇಕಾದ್ದು ನೋಟ. ಸಾಧ್ಯವಾದರೆ ಮೊಬೈಲಿನ ಹಿಂಬದಿಯ ಕ್ಯಾಮೆರಾ ಬಳಸಿ. ಚಿತ್ರ ಚೆನ್ನಾಗಿ ಬರುವುದರ ಜೊತೆಗೆ ನಿಮ್ಮ ಮುಖ ನಿಮಗೆ ಕಾಣುವುದೇ ಇಲ್ಲ. ಸೀರೆ ಡಬ್ಬಿಗಳನ್ನು ಪೇರಿಸಿ ಮೊಬೈಲನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ತನ್ನಿ. ಕೆಳಗಿಟ್ಟರೆ ಗದ್ದ, ಮೂಗಿನ ಹೊಳ್ಳೆಗಳೇ ಎದ್ದು ಕಾಣುತ್ತವೆ. ನಾಲ್ಕು ಅಡಿ ದೂರ ಇರಲಿ, ತೀರಾ ಹತ್ತಿರ ಹೋದರೆ ಮೂಗು ದೊಡ್ಡದಾಗಿ ಕಾಣುತ್ತದೆ. ಆಮೇಲೆ ಮನೆಯವರನ್ನೋ ಅಂಗಡಿಯ ಹುಡುಗನನ್ನೋ ಮೊಬೈಲಿನ ಹಿಂದೆ, ಅವರ ಕಣ್ಣು ಲೆನ್ಸಿನ ಸರಿ ಮೇಲೆ ಬರುವಂತೆ ನಿಲ್ಲಿಸಿ, ಅವರಿಗೇ ಸೀರೆ ತೋರಿಸಿ. ಅವರು ಬಾಯಿ ತೆರೆಯಬೇಕಿಲ್ಲ, ತಲೆ ಆಡಿಸಿದರೆ ಸಾಕು. ನಿಮಗೆ ಗಿರಾಕಿ ಸಿಕ್ಕಹಾಗಾಯಿತು. ಅಭ್ಯಾಸವಾದ ಮೇಲೆ ನೋಟವನ್ನು ಲೆನ್ಸಿಗೇ ಇಳಿಸಬಹುದು.

ಬರೆದಿಟ್ಟುಕೊಂಡು ಓದುವುದು ಬೇಡ. ಕಣ್ಣು ಸಾಲಿನಿಂದ ಸಾಲಿಗೆ ಜಾರುವುದು ನೋಡುವವರಿಗೆ ಥಟ್ಟನೆ ಗೊತ್ತಾಗುತ್ತದೆ.

ಇನ್ನು ಮಾತಿನ ವೇಗ. ಅಳುಕಿದವರು ಬೇಗ ಮುಗಿಸಿಬಿಡಬೇಕೆಂದು ಓಡುತ್ತಾರೆ, ವಾಕ್ಯದ ಕೊನೆಯನ್ನು ನುಂಗುತ್ತಾರೆ. "ನಿಧಾನ, ನಿಧಾನ" ಎಂದು ಹೇಳಿ ಇದನ್ನು ತಡೆಯಲಾಗದು. ಕೈಗೆ ಕೆಲಸ ಕೊಟ್ಟರೆ ತಡೆಯಬಹುದು. ರೆಕಾರ್ಡಿಂಗ್ ಶುರುವಾದ ಮೇಲೆ ಮೂರು ಸೆಕೆಂಡು ಸುಮ್ಮನಿದ್ದು, ಒಂದು ಉಸಿರು ಬಿಟ್ಟು, ಲೆನ್ಸ್ ನೋಡಿ ಹೇಳಿ: "ಇದು ಇಳಕಲ್ ಸೀರಿ, ಟೋಪ ತೆನಿ ಸೆರಗು." ಈಗ ಕಣ್ಣನ್ನು ಸೀರೆಗೆ ಇಳಿಸಿ, ಸೆರಗು ಬಿಚ್ಚಿ. ಬಿಚ್ಚುವಾಗ ಮಾತು ಬೇಡ. ನೋಡುವವರೂ ಆಗ ಸೆರಗನ್ನೇ ನೋಡುತ್ತಿರುತ್ತಾರೆ, ಆ ಮೌನ ಯಾರಿಗೂ ಭಾರವಾಗುವುದಿಲ್ಲ. ಸೆರಗು ಒಡಲಿಗೆ ಸೇರುವಲ್ಲಿ ಬೆರಳಿಟ್ಟು, "ಸೆರಗಿನ ನೂಲು ಬ್ಯಾರೆ, ಒಡಲಿನ ನೂಲು ಬ್ಯಾರೆ. ಇಲ್ಲಿ ಕೊಂಡಿ ಹಾಕಿ ಕೂಡಿಸ್ಯಾರ ನೋಡ್ರಿ" ಎನ್ನಿ. ಮತ್ತೆ ತಲೆ ಎತ್ತಿ, ಲೆನ್ಸಿಗೆ ಕಣ್ಣು ಕೊಟ್ಟು ದರ ಹೇಳಿ, ನಿಲ್ಲಿಸಿ. ಮೊದಲ ವಿಡಿಯೋಗೆ ಇಷ್ಟೇ ಸಾಕು. ನಡುವೆ ತೊದಲಿದರೆ ಇಡೀ ವಿಡಿಯೋ ಅಳಿಸಬೇಡಿ, ಆ ವಾಕ್ಯವನ್ನಷ್ಟೇ ಮೊದಲಿಂದ ಹೇಳಿ. ತಪ್ಪಿದ್ದನ್ನು ಆಮೇಲೆ ಕತ್ತರಿಸಬಹುದು.

ಬೆಳಕಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ, ಅಂಗಡಿಯ ಬಾಗಿಲೇ ದೊಡ್ಡ ದೀಪ. ಬಾಗಿಲಿಗೆ ಬೆನ್ನು ಹಾಕಿದರೆ ಮುಖ ಕಪ್ಪಾಗುತ್ತದೆ. ಬಾಗಿಲಿಗೆ ಮುಖ ಮಾಡಿ, ನೇರ ಬಿಸಿಲು ತಾಗದಂತೆ ಎರಡು ಹೆಜ್ಜೆ ಒಳಗೆ ನಿಲ್ಲಿ. ತಲೆಯ ಮೇಲಿನ ದೀಪ ಆರಿಸಿ, ಅದು ಕಣ್ಣಿನ ಗುಳಿಗಳಲ್ಲಿ ನೆರಳು ತುಂಬುತ್ತದೆ. ಎದುರಿನ ಕೌಂಟರ್ ಮೇಲೆ ಬಿಳಿ ಪಂಚೆ ಹಾಸಿದರೆ ಬೆಳಕು ಪುಟಿದು ಗದ್ದದ ಕೆಳಗಿನ ಕಪ್ಪು ತಿಳಿಯಾಗುತ್ತದೆ.

ಸೀರೆ ವ್ಯಾಪಾರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಬಾಗಿಲ ಬೆಳಕಿನ ಜೊತೆ ಹಳದಿ ಬಲ್ಬೂ ಉರಿಯುತ್ತಿದ್ದರೆ ಕುಂಕುಮಗೆಂಪು ಒಂದು ಮಗ್ಗುಲಲ್ಲಿ ಕಿತ್ತಳೆಗೆ ತಿರುಗುತ್ತದೆ, ಪಾರ್ಸೆಲ್ ಬಿಚ್ಚಿದ ಗಿರಾಕಿ ಬಣ್ಣ ಬೇರೆ ಎನ್ನುತ್ತಾರೆ. ಒಂದೇ ಬಗೆಯ ಬೆಳಕು ಇರಲಿ. ಬಿಳಿ ಸೀರೆ ಎತ್ತಿ ಹಿಡಿದ ಕೂಡಲೇ ಮುಖ ಕಪ್ಪಾದರೆ, ಮೊಬೈಲು ಬೆಳಕನ್ನು ತಾನೇ ತಗ್ಗಿಸಿದೆ ಎಂದರ್ಥ. ಶುರುವಿನಲ್ಲೇ ಪರದೆಯ ಮೇಲೆ ಮುಖವಿರುವಲ್ಲಿ ಬೆರಳು ಒತ್ತಿ ಹಿಡಿದರೆ ಬಹುತೇಕ ಮೊಬೈಲುಗಳಲ್ಲಿ ಬೆಳಕು ಅಲ್ಲಿಗೇ ನಿಲ್ಲುತ್ತದೆ. ಅಡ್ಡಪಟ್ಟಿಗಳು ಹರಿದಾಡಿದರೆ ಅದು ದೀಪದ ಮಿನುಗು. ನಮ್ಮ ಕರೆಂಟು 50 ಹರ್ಟ್ಸ್‌ನದು, ಅದರಿಂದ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಆ ದೀಪ ಆರಿಸಿದರೆ ಪಟ್ಟಿಯೂ ಹೋಗುತ್ತದೆ.

ಮೊದಲ ಸಲ ನೋಡಿದಾಗ ನಿಮ್ಮ ದನಿ ನಿಮಗೇ ತೆಳುವಾಗಿ ಕೇಳುತ್ತದೆ. ಮಾತಾಡುವಾಗ ನಮ್ಮ ದನಿ ತಲೆಯ ಮೂಳೆಯ ಮೂಲಕವೂ ಕಿವಿಗೆ ಬರುತ್ತದೆ, ರೆಕಾರ್ಡಿಂಗಿನಲ್ಲಿ ಆ ಪಾಲು ಇರುವುದಿಲ್ಲ. ಗಿರಾಕಿಗಳು ಇಷ್ಟು ವರ್ಷ ಕೇಳಿದ್ದು ಈ ತೆಳು ದನಿಯನ್ನೇ. ಆದ್ದರಿಂದ ದನಿಯನ್ನೂ ಮುಖವನ್ನೂ ಬಿಟ್ಟು ಎರಡನ್ನು ಮಾತ್ರ ಪರೀಕ್ಷಿಸಿ. ಒಮ್ಮೆ ಸದ್ದು ಅಡಗಿಸಿ ನೋಡಿ, ದರ ಹೇಳುವಾಗ ಕಣ್ಣು ಎಲ್ಲಿದೆ ಎಂದು. ಇನ್ನೊಮ್ಮೆ ಮೊಬೈಲು ಮಗುಚಿಟ್ಟು ಕೇಳಿ, ವಾಕ್ಯದ ಕೊನೆಯ ಪದ ಪೂರ್ತಿ ಕೇಳುತ್ತದೆಯೇ ಎಂದು. ಎರಡೂ ಸರಿಯಿದ್ದರೆ ಕಳಿಸಿಬಿಡಿ.